ಸೀನಣ್ಣನ ತ್ರಿಪದಿಗಳು

ಪ್ರೀತಿಯ ಸೀನ,

ನಲವತ್ತು ತುಂಬಿತು. ದಿನಾ ಬೆಳಗ್ಗೆ ನಮ್ಮ ಮೊಬೈಲಿಗೆ ಒಂದೊಂದು ಸರ್ವಜ್ಞನ ವಚನ ಕಳಿಸಿ ನಮ್ಮನ್ನೆಲ್ಲ ತಿದ್ದಲು ನೋಡಿದೆ. ಆ ಸಾಲ ಇವತ್ತು ತೀರಿಸುತ್ತಿದ್ದೇನೆ. ಅಂಕಿತ ಮಾತ್ರ ನಿನ್ನ ಹೆಸರಿನದು. ‘ಸರ್ವಜ್ಞ’ ಇದ್ದ ಜಾಗದಲ್ಲಿ ‘ಸೀನಣ್ಣ’ ಅಳತೆಗೆ ಸರಿಯಾಗಿ ಕೂರುತ್ತದೆ, ಐದಕ್ಕೆ ಐದು ಮಾತ್ರೆ. ಹೋಲಿಕೆ ಅಲ್ಲಿಗೇ ಮುಗಿಯಿತು.

ಬೆಳಗಾರು ಗಂಟೆಗೇ ನೀತಿವಚನವ ಕಳಿಸಿ
ಎಳೆದು ಹೊದಿಕೆಯನು ಹತ್ತರತನಕ ನಿದ್ದೆ
ತಿಳಿದವನೆ, ಏಳೊ, ಸೀನಣ್ಣ

ಹೋದ ತಿಂಗಳು ಹರಿಹರದ ಮದುವೆಗೆ ಹೊರಟಾಗ ನಾವು ಮೂವರು ನಿಮ್ಮ ಗೇಟಿನ ಮುಂದೆ ಮುಕ್ಕಾಲು ಗಂಟೆ ನಿಂತಿದ್ದೆವು, ನೆನಪಿದೆಯಾ? ಧಾರೆ ಮುಗಿದಿತ್ತು. ಊಟಕ್ಕೂ ಕೊನೇ ಪಂಕ್ತಿ.

ಹೊರಟೆನೈ ಹೊರಟೆನೆಂದೊರಲುವೆಯೊ ಫೋನಿನಲಿ
ಸುರಿವ ನೀರಿನ್ನು ಬಚ್ಚಲಲಿ ಕೇಳುತಿದೆ
ಒರೆಸಿಕೋ ಮೈಯ, ಸೀನಣ್ಣ

ಈ ಕವರಿನ ಜೊತೆ ಇರುವ ಟವೆಲ್ಲು ಅದಕ್ಕೇ.

ಇನ್ನು ಹೋಟೆಲಿನ ವಿಷಯ. ಇದನ್ನು ಬರೆಯುವಾಗ ನನಗೆ ಸ್ವಲ್ಪ ಜಾಸ್ತಿಯೇ ಖುಷಿ ಆಯಿತು.

ಬಿಲ್ಲು ಬಂದೊಡನೆ ಕೈ ತೊಳೆಯಲೋಡುವೆಯಲ್ಲ
ನಲ್ಲಿಯಲಿ ನೀರು ನಿಂತರೂ ಬಾರೆಯೈ
ಸಲ್ಲದೀ ಮಡಿಯು, ಸೀನಣ್ಣ

ನಡೆಯಲೆಂದಾರು ಸಾವಿರದ ಬೂಟನು ಕೊಂಡು
ಅಡಿಯಿಟ್ಟೆ ಬರಿಯ ಬೆಣ್ಣೆದೋಸೆಯ ಕಡೆಗೆ
ತಡೆಯದೋ ಬೆಲ್ಟು, ಸೀನಣ್ಣ

ದಾವಣಗೆರೆಯಲ್ಲಿ ಹುಟ್ಟಿದವನಿಗೆ ಇದು ತಪ್ಪಲ್ಲ, ಒಪ್ಪುತ್ತೇನೆ. ಆದರೆ ಬೂಟಿನ ತಳ ಇನ್ನೂ ಅಂಗಡಿಯಲ್ಲಿದ್ದ ಹಾಗೇ ಇದೆಯಲ್ಲೋ!

ಕೊನೆಯದು ನನ್ನ ಸ್ವಂತ ಸಂಕಟ. ಹೆಲ್ಮೆಟ್ ಇಲ್ಲದೆ ನೀನು ನಗುತ್ತಾ ಹೋಗುವ ಫೋಟೊ, ನನ್ನ ಗಾಡಿ ನಂಬರಿನ ಸಮೇತ, ನನ್ನ ಮನೆಗೇ ಬಂತು.

ಬಂಡಿಯನು ಕೊಂಡೊಯ್ದು ತಿರುಗಿಸುವೆ ಊರೆಲ್ಲ
ಕಂಡಿಲ್ಲ ಹನಿಯು ಪೆಟ್ರೋಲು ಮರಳಿದರೆ
ದಂಡವೂ ನನಗೆ, ಸೀನಣ್ಣ

ಬೇಜಾರು ಮಾಡ್ಕೋಬೇಡ. ಸುಮಾರು 1,300 ವರ್ಷದ ಹಿಂದೆ ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಗುಣವನ್ನು ತ್ರಿಪದಿಯಲ್ಲೇ ಕೆತ್ತಿದ್ದಾರೆ. ‘ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ’ ಅಂತ. ಕಾಟ ಕೊಟ್ಟವರಿಗೆ ಅವನು ಏನಾಗುತ್ತಿದ್ದ ಅನ್ನುವುದೂ ಅಲ್ಲೇ ಇದೆ, ಓದಿಕೋ. ನಿನಗೆ ಬಂಡೆ ಸಿಗಲಿಲ್ಲ. ಮಗಳ ಡ್ರಾಯಿಂಗ್ ಹಾಳೆ ಸಿಕ್ಕಿತು.

ಉತ್ತರ ಕೊಡುವುದಾದರೆ ತ್ರಿಪದಿಯಲ್ಲೇ ಕೊಡು. ಮೂರೂ ಸಾಲಿನ ಎರಡನೇ ಅಕ್ಷರ ಪ್ರಾಸಕ್ಕೆ ಕೂಡಬೇಕು. ಒಂದು ತಪ್ಪಿದರೂ ಭಾನುವಾರದ ದೋಸೆ ಬಿಲ್ಲು ನಿನ್ನದು. ಕೈ ತೊಳೆಯುವ ಜಾಗದಲ್ಲಿ ಒಬ್ಬರನ್ನು ನಿಲ್ಲಿಸಿರುತ್ತೇವೆ.

ಇಂತಿ ನಿನ್ನ,
ಗಾಡಿಯ ಮಾಲೀಕ