ಟ್ರಾನ್ಸ್‌ಫಾರ್ಮರ್ ಪ್ರಯೋಗ: ಮೌಖಿಕ ಪರೀಕ್ಷೆಯ ಪ್ರಶ್ನೆಗಳು ಮತ್ತು ಮರುಪ್ರಶ್ನೆಗಳು

ವಿದ್ಯುತ್ ಯಂತ್ರಗಳ ಲ್ಯಾಬ್, ಬೆಂಗಳೂರು. ಪ್ರಯೋಗ: ಓಪನ್ ಸರ್ಕಿಟ್ ಮತ್ತು ಶಾರ್ಟ್ ಸರ್ಕಿಟ್ ಪರೀಕ್ಷೆ. ಯಂತ್ರ: 2 ಕೆವಿಎ, 230/115 ವೋಲ್ಟ್, ಸಿಂಗಲ್ ಫೇಸ್, 50 ಹರ್ಟ್ಸ್. ಒಬ್ಬರಿಗೆ ಎಂಟು ನಿಮಿಷ, 10 ಅಂಕ.

ಸಹಪರೀಕ್ಷಕರೇ, "ಟ್ರಾನ್ಸ್‌ಫಾರ್ಮರ್ ಎಂದರೇನು" ಎಂದು ದಯವಿಟ್ಟು ಶುರು ಮಾಡಬೇಡಿ. ಅದಕ್ಕೆ ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ, ನಮಗೇನೂ ತಿಳಿಯುವುದಿಲ್ಲ. ವಿದ್ಯಾರ್ಥಿ ಅಂದು ಬರೆದ ರೀಡಿಂಗ್ ಪುಟವನ್ನು ಮೇಜಿನ ಮೇಲೆ ತೆರೆದಿಟ್ಟು ಕೇಳಿ. ಕನ್ನಡದಲ್ಲಿ ಉತ್ತರ ಕೊಟ್ಟರೆ ಅಂಕ ಕಡಿಯಬಾರದು. ಕೆಳಗಿನ ಅಂಕಿಗಳು ನಾನು ಮಾದರಿಗೆ ಇಟ್ಟುಕೊಂಡವು. ನೀವು ವಿದ್ಯಾರ್ಥಿಯ ಅಂಕಿಗಳನ್ನೇ ಬಳಸಿ.

1. ಓಪನ್ ಸರ್ಕಿಟ್‌ನಲ್ಲಿ 115 ವೋಲ್ಟ್, 0.8 ಆಂಪಿಯರ್, 30 ವ್ಯಾಟ್ ಬರೆದಿದ್ದೀರಿ. ಈ 30 ವ್ಯಾಟ್ ಎಲ್ಲಿಗೆ ಹೋಯಿತು?

ಬೇಕಾದ ಉತ್ತರ: ಕೋರ್ ನಷ್ಟ, ಅಂದರೆ ಹಿಸ್ಟೆರಿಸಿಸ್ ಮತ್ತು ಎಡ್ಡಿ ಪ್ರವಾಹದ ನಷ್ಟ.

ಸರಿಯಾಗಿ ಹೇಳಿದರೆ: "ತಾಮ್ರ ನಷ್ಟ ಇಲ್ಲವೇ ಇಲ್ಲವೇ?" ಇದೆ. ಸುರುಳಿಯ ರೋಧ ಸುಮಾರು 0.1 ಓಮ್ ಎಂದುಕೊಂಡರೆ 0.8 ರ ವರ್ಗ ಗುಣಿಸಿ 0.06 ವ್ಯಾಟ್. "ನಗಣ್ಯ" ಎಂಬ ಮಾತಿಗೆ ನಿಲ್ಲಬೇಡಿ, ಅಂಕಿ ಹೇಳಿಸಿ.

ತಡವರಿಸಿದರೆ: "ಇನ್ನೊಂದು ಬದಿಯ ತುದಿಗಳು ತೆರೆದಿವೆ. ಅಲ್ಲಿ ಪ್ರವಾಹ ಎಷ್ಟು? ಹಾಗಾದರೆ ಬಿಸಿಯಾಗುವುದಕ್ಕೆ ಉಳಿದದ್ದು ಏನು?"

2. ಈ ಪರೀಕ್ಷೆಗೆ 115 ವೋಲ್ಟ್ ಬದಿಯನ್ನೇ ಏಕೆ ಆರಿಸಿದಿರಿ?

ಸುರಕ್ಷತೆ, ಮೀಟರಿನಲ್ಲಿ ಓದಲು ಸಾಕಾಗುವಷ್ಟು ಪ್ರವಾಹ; ಎರಡೂ ಸರಿ. ಮರುಪ್ರಶ್ನೆ: "230 ವೋಲ್ಟ್ ಬದಿಯಲ್ಲಿ ಮಾಡಿದ್ದರೆ ರೀಡಿಂಗ್ ಎಷ್ಟಾಗುತ್ತಿತ್ತು?" ಪ್ರವಾಹ 0.4 ಆಂಪಿಯರ್, ವ್ಯಾಟ್‌ಮೀಟರ್ ಅದೇ 30. ವ್ಯಾಟ್ ಕೂಡ ಅರ್ಧವಾಗುತ್ತದೆ ಎಂದರೆ ಕೋರಿನ ಫ್ಲಕ್ಸ್ ಬದಲಾಯಿತೇ ಎಂದು ಕೇಳಿ, ತಾನೇ ತಿದ್ದಿಕೊಳ್ಳಲು ಸಮಯ ಕೊಡಿ.

3. ಶಾರ್ಟ್ ಸರ್ಕಿಟ್ ಪರೀಕ್ಷೆಗೆ ಸ್ವಿಚ್ ಹಾಕುವ ಮೊದಲು ವೇರಿಯಾಕ್‌ನ ಗುಂಡಿ ಎಲ್ಲಿತ್ತು?

ನನ್ನ ಮಟ್ಟಿಗೆ ಇದೇ ಪತ್ರಿಕೆಯ ಮುಖ್ಯ ಪ್ರಶ್ನೆ. ಉತ್ತರ "ಸೊನ್ನೆಯಲ್ಲಿ". ಇದನ್ನು ಕೇಳುವಾಗ ಕೈಗಳನ್ನು ಗಮನಿಸಿ: ಪ್ರಯೋಗ ಮಾಡಿದವನ ಬೆರಳು ತಾನಾಗಿ ಎಡಕ್ಕೆ ತಿರುಗಿಸುವ ಸನ್ನೆ ಮಾಡುತ್ತದೆ.

ಮರುಪ್ರಶ್ನೆ: "12 ವೋಲ್ಟ್‌ಗೆ 8.7 ಆಂಪಿಯರ್ ಬಂದಿದೆ. ಯಾರೋ ಗುಂಡಿಯನ್ನು ಪೂರ್ತಿ 230 ಕ್ಕೆ ಬಿಟ್ಟು ಹೋಗಿದ್ದರೆ?" ಇಂಪೀಡೆನ್ಸ್ 1.38 ಓಮ್, ಆದ್ದರಿಂದ ಸುಮಾರು 167 ಆಂಪಿಯರ್. ಲೆಕ್ಕ ತಪ್ಪಿದರೂ "ಫ್ಯೂಸ್ ಹೋಗುತ್ತದೆ, ಇಲ್ಲವೇ ಸುರುಳಿ ಸುಡುತ್ತದೆ" ಎಂದು ಗಾಬರಿಯಿಂದ ಹೇಳಿದವನಿಗೆ ಅರ್ಧ ಅಂಕವಿದೆ. ನಾನು ಹಿಂದೆ ಕೆಲಸ ಮಾಡಿದ ಲ್ಯಾಬಿನಲ್ಲಿ ಈ ತಪ್ಪು ನಿಜವಾಗಿಯೇ ನಡೆದಿತ್ತು. ವಾರ್ನಿಷ್ ಸುಟ್ಟ ವಾಸನೆ ಎರಡು ದಿನ ಕೊಠಡಿಯಲ್ಲಿತ್ತು.

ಇನ್ನೂ ಮುಂದೆ: "ಇಲ್ಲಿ ಬಂದ 60 ವ್ಯಾಟಿನಲ್ಲಿ ಕೋರ್ ನಷ್ಟವನ್ನು ಏಕೆ ಬಿಟ್ಟಿರಿ?" ವೋಲ್ಟೇಜ್ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು, ಕೋರ್ ನಷ್ಟ ಹೆಚ್ಚುಕಡಿಮೆ ಅದರ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ.

4. ಎರಡು ಪರೀಕ್ಷೆಗೆ ಎರಡು ಬಗೆಯ ವ್ಯಾಟ್‌ಮೀಟರ್ ಏಕೆ?

ಓಪನ್ ಸರ್ಕಿಟ್‌ನಲ್ಲಿ ಪವರ್ ಫ್ಯಾಕ್ಟರ್ 30 ಭಾಗಿಸು 92, ಸುಮಾರು 0.33; ಆದ್ದರಿಂದ ಅಲ್ಲಿಗೆ ಕಡಿಮೆ ಪವರ್ ಫ್ಯಾಕ್ಟರ್‌ನ ವ್ಯಾಟ್‌ಮೀಟರ್, ಶಾರ್ಟ್ ಸರ್ಕಿಟ್‌ಗೆ ಸಾಮಾನ್ಯ ವ್ಯಾಟ್‌ಮೀಟರ್. ಅಷ್ಟು ಸಾಕು. ಇದಕ್ಕೆ ಹೆಚ್ಚು ಹೊತ್ತು ಬೇಡ.

5. ಈ ಯಂತ್ರದ ದಕ್ಷತೆ ಯಾವ ಲೋಡಿನಲ್ಲಿ ಅತಿ ಹೆಚ್ಚು?

ಎರಡೂ ನಷ್ಟ ಸಮವಾದಾಗ. 30 ಭಾಗಿಸು 60 ರ ವರ್ಗಮೂಲ 0.707, ಅಂದರೆ ಪೂರ್ಣ ಲೋಡಿನ ಸುಮಾರು ಶೇ. 71.

ಮರುಪ್ರಶ್ನೆ: "ನಮ್ಮ ಗೇಟಿನ ಪಕ್ಕದ ಬೆಸ್ಕಾಂ ಟ್ರಾನ್ಸ್‌ಫಾರ್ಮರ್‌ಗೆ ಸಂಜೆ ಏಳಕ್ಕೂ ಬೆಳಗಿನ ಜಾವ ಮೂರಕ್ಕೂ ಒಂದೇ ಲೋಡ್ ಇರುತ್ತದೆಯೇ? ಹಾಗಾದರೆ ಅದರಲ್ಲಿ ಯಾವ ನಷ್ಟವನ್ನು ತಗ್ಗಿಸುವುದು ಹೆಚ್ಚು ಮುಖ್ಯ?" ಕೋರ್ ನಷ್ಟ ದಿನದ 24 ತಾಸೂ ನಡೆಯುತ್ತದೆ ಎಂಬುದು ಬಾಯಲ್ಲಿ ಬರಬೇಕು. "ದಿನಪೂರ್ತಿ ದಕ್ಷತೆ" ಎಂಬ ಹೆಸರು ಬಾರದಿದ್ದರೂ ಚಿಂತೆಯಿಲ್ಲ.

ತಡವರಿಸಿದರೆ ಇನ್ನೊಂದು ದಾರಿ: "ಅದರ ಹತ್ತಿರ ನಿಂತರೆ ಗುಂಯ್ ಎನ್ನುತ್ತದಲ್ಲ, ರಾತ್ರಿ ಆ ಸದ್ದು ನಿಲ್ಲುತ್ತದೆಯೇ?" ಅಲ್ಲಿಂದ ಕೋರಿಗೆ ಬರುತ್ತಾರೆ. ಚುರುಕಾದವರನ್ನು ಆ ಸದ್ದಿನ ಆವರ್ತನವನ್ನೂ ಕೇಳಿ: 100 ಹರ್ಟ್ಸ್, ಏಕೆಂದರೆ ಪ್ರತಿ ಆವರ್ತದಲ್ಲಿ ಫ್ಲಕ್ಸ್ ಎರಡು ಬಾರಿ ಗರಿಷ್ಠಕ್ಕೇರಿ ಕೋರನ್ನು ಹಿಗ್ಗಿಸಿ ಕುಗ್ಗಿಸುತ್ತದೆ.

ಅಂಕ. ಸ್ವಂತ ರೀಡಿಂಗ್ ವಿವರಿಸಲು 4, ಮರುಪ್ರಶ್ನೆಗಳಿಗೆ 4, ಸುರಕ್ಷತೆಗೆ 2. ಮೂರನೆಯ ಪ್ರಶ್ನೆಗೆ ಸೊನ್ನೆ ಎಂದು ಹೇಳದವರಿಗೆ ಆ 2 ಅಂಕ ಇಲ್ಲ. ಪರೀಕ್ಷೆ ಮುಗಿದ ಮೇಲೆ ಅವರನ್ನು ಮೇಜಿನ ಬಳಿ ಕರೆದು, ವೇರಿಯಾಕ್ ತಿರುಗಿಸಿ ತೋರಿಸಿ ಕಳುಹಿಸಿ.