ಹತ್ತನೇ ತರಗತಿ 'ಬಿ' ವಿಭಾಗದ ಮಕ್ಕಳಿಗೆ ಬಹಿರಂಗ ಪತ್ರ

4 ಮೇ 2025

ಪ್ರೀತಿಯ ಮಕ್ಕಳೇ,

ಶುಕ್ರವಾರ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರ ಫಲಿತಾಂಶ ಬಂದಾಗಿನಿಂದ ನಿಮ್ಮಲ್ಲಿ ಹಲವರು ಫೋನ್ ಎತ್ತುತ್ತಿಲ್ಲ; ಇಬ್ಬರು ಯಾರಿಗೂ ಮುಖ ತೋರಿಸಲಾಗದೆ ಅಜ್ಜಿಯ ಊರಿಗೆ ಹೋಗಿದ್ದಾರೆಂದು ಮನೆಯವರು ಹೇಳಿದರು. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಬೇಸರ ಮಾಡಿಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ವರ್ಷವಿಡೀ ಓದಿದವರಿಗೆ ಬೇಸರವಾಗುವುದು ಸಹಜ. ಆದರೆ ತಲೆಮರೆಸಿಕೊಳ್ಳುವಂಥ ತಪ್ಪನ್ನು ನೀವು ಮಾಡಿಲ್ಲ. ಈ ಸಲ ರಾಜ್ಯದಲ್ಲಿ ಪರೀಕ್ಷೆ ಬರೆದವರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಮಕ್ಕಳು ಮೊದಲ ಯತ್ನದಲ್ಲಿ ತೇರ್ಗಡೆಯಾಗಿಲ್ಲ.

ಈಗ ಕೆಲಸದ ಮಾತು. ಗಣಿತದಲ್ಲಿ ಹಿಂದೆ ಬಿದ್ದವರ ಪೂರ್ವಸಿದ್ಧತಾ ಪರೀಕ್ಷೆಯ ಪತ್ರಿಕೆಗಳನ್ನು ನಿನ್ನೆ ಮತ್ತೆ ತೆರೆದು ನೋಡಿದೆ. ಥೇಲ್ಸ್ ಪ್ರಮೇಯಕ್ಕೆ ಚಿತ್ರ ಸರಿಯಾಗಿದೆ, ದತ್ತ ಮತ್ತು ಸಾಧನೀಯ ಬರೆದಾಗಿದೆ, ರಚನೆಯ ಹತ್ತಿರ ಪೆನ್ನು ನಿಂತಿದೆ. ನಕ್ಷೆಯ ಲೆಕ್ಕದಲ್ಲಿ ಕೋಷ್ಟಕ ಸರಿ, ಆದರೆ ಬಿಂದು ಗುರುತಿಸುವಾಗ x ಮತ್ತು y ಅದಲುಬದಲಾಗಿವೆ. ಇದನ್ನು ದಡ್ಡತನವೆಂದು ಕರೆಯಲು ನಾನು ಒಪ್ಪುವುದಿಲ್ಲ. ಒಂದೆರಡು ಹೆಜ್ಜೆಗಳ ಅಭ್ಯಾಸ ಉಳಿದಿದೆ, ಅಷ್ಟೆ. ಹಾಗಾಗಿ 'ನನಗೆ ಗಣಿತ ಬರುವುದಿಲ್ಲ' ಎಂಬ ಮಾತನ್ನು ಬಿಟ್ಟು, ಯಾವ ಲೆಕ್ಕದ ಯಾವ ಹೆಜ್ಜೆ ತಪ್ಪುತ್ತಿದೆ ಎಂದು ಬರೆದುಕೊಂಡು ಬನ್ನಿ. ಅಂಕ ತೀರಾ ಕಡಿಮೆ ಬಂದಿದೆ ಅನ್ನಿಸಿದವರು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಿ. ಅದನ್ನು ಒಟ್ಟಿಗೆ ಕೂತು ನೋಡಿದ ಮೇಲೆಯೇ ಮರುಮೌಲ್ಯಮಾಪನದ ವಿಚಾರ ತೀರ್ಮಾನಿಸೋಣ.

ಪರೀಕ್ಷೆ-2 ಮೇ 26ರಿಂದ ಆರಂಭವಾಗುತ್ತದೆ. ಪಾಸಾದ ವಿಷಯಗಳನ್ನು ಮತ್ತೆ ಬರೆಯಬೇಕಿಲ್ಲ. ಪಾಸಾಗಿಯೂ ಅಂಕ ಸಾಲದೆಂದು ಕೊರಗುತ್ತಿರುವವರೂ ಬರೆಯಬಹುದು, ಏಕೆಂದರೆ ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಆಗಲೂ ಆಗದಿದ್ದರೆ ಪರೀಕ್ಷೆ-3 ಇದೆ. ಪಿಯುಸಿ, ಡಿಪ್ಲೊಮಾ, ಐಟಿಐ ಯಾವುದಕ್ಕೆ ಸೇರಬೇಕೆಂಬುದನ್ನು ಆಮೇಲೆ ಮಾತಾಡೋಣ.

ಪತ್ರವನ್ನು ಮನೆಯಲ್ಲೂ ಓದಿಸಿ. ಪಕ್ಕದ ಮನೆಯ ಮಗುವಿನ ಅಂಕವನ್ನು ಊಟಕ್ಕೆ ಕೂತಾಗ ಎತ್ತಬೇಡಿ ಎಂದು ಪೋಷಕರಲ್ಲಿ ಕೈಮುಗಿದು ಕೇಳುತ್ತೇನೆ. ನಿದ್ದೆ ಬಾರದಷ್ಟು, ಬದುಕೇ ಬೇಡವೆನ್ನಿಸುವಷ್ಟು ಸಂಕಟವಾದರೆ ಯಾವ ಹೊತ್ತಿನಲ್ಲಾದರೂ ನನಗೆ ಫೋನ್ ಮಾಡಿ. ನನ್ನೊಂದಿಗೆ ಮಾತಾಡಲು ಸಂಕೋಚವಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ನಮ್ಮ ತರಗತಿಯಲ್ಲೇ ವಿಶೇಷ ಪಾಠ ಶುರುವಾಗುತ್ತದೆ. ಸಮವಸ್ತ್ರ ಬೇಕಿಲ್ಲ. ಜ್ಯಾಮಿತಿ ಪೆಟ್ಟಿಗೆ ಮತ್ತು ನಕ್ಷಾ ಹಾಳೆ ತನ್ನಿ. ಅಜ್ಜಿಯ ಊರಿಗೆ ಹೋದವರು ಮಂಗಳವಾರ ಸಂಜೆಯ ಬಸ್ಸಿಗೇ ಹೊರಡಿ.

ನಿಮ್ಮ ತರಗತಿ ಶಿಕ್ಷಕಿ