ಮಾರುಕಟ್ಟೆ ಗೊಬ್ಬರ ಘಟಕ: ವಿನ್ಯಾಸ ಮತ್ತು ಜಾಗದ ಲೆಕ್ಕ

ವರ್ತಕರ ಸಂಘದ ಸದಸ್ಯರು ಮತ್ತು ಪಾಲಿಕೆಯ ಆರೋಗ್ಯ ವಿಭಾಗದ ಗಮನಕ್ಕೆ

ಶಿವಮೊಗ್ಗದ ನಮ್ಮ ತರಕಾರಿ, ಹೂವಿನ ಮಾರುಕಟ್ಟೆಯಲ್ಲಿ ಮಾಮೂಲಿ ದಿನ ಸುಮಾರು 1,000 ಕೆಜಿ ಹಸಿ ಕಸ ಬೀಳುತ್ತದೆ. ಅದರಲ್ಲಿ 800 ಕೆಜಿ ತರಕಾರಿ ಮತ್ತು ಸೊಪ್ಪು, 200 ಕೆಜಿ ಹೂವು. ವರಮಹಾಲಕ್ಷ್ಮಿ, ಗಣೇಶ ಚೌತಿ, ಆಯುಧಪೂಜೆ, ದೀಪಾವಳಿ ಬಂದರೆ ಇದು ಎರಡು ಪಟ್ಟಾಗುತ್ತದೆ. ಘಟಕವನ್ನು ದಿನಕ್ಕೆ ಒಂದು ಟನ್ನಿಗೆ ಕಟ್ಟೋಣ. ಹಬ್ಬದ ಭಾರ ಹೊರಲು ಎರಡು ತೊಟ್ಟಿ ಹೆಚ್ಚಿಗೆ ಇರಲಿ.

ನೀರೇ ದೊಡ್ಡ ಸಮಸ್ಯೆ

ತರಕಾರಿ ಕಸದಲ್ಲಿ ಶೇ 85ರಷ್ಟು ನೀರೇ ಇರುತ್ತದೆ. ಗೊಬ್ಬರದ ರಾಶಿಗೆ ಬೇಕಿರುವುದು ಶೇ 55ರಿಂದ 60ರ ಆಸುಪಾಸು. ಜಾಸ್ತಿಯಾದರೆ ಗಾಳಿ ಆಡುವುದಿಲ್ಲ, ರಾಶಿ ಕೊಳೆತು ನಾರುತ್ತದೆ. ಅಕ್ಕಪಕ್ಕದ ಮನೆಯವರು ದೂರು ಕೊಟ್ಟು ಘಟಕ ಮುಚ್ಚಿಸುವುದು ಈ ವಾಸನೆಗೇ ಅಲ್ವಾ.

ಹಾಗಾಗಿ ಕತ್ತರಿಸಿದ ಕಸ ಒಂದು ರಾತ್ರಿ ಇಳಿಜಾರು ನೆಲದ ಮೇಲೆ ಸೋರಬೇಕು. ಸುಮಾರು 150 ಕೆಜಿ ನೀರು ಹೋಗಿ 850 ಕೆಜಿ ಉಳಿಯುತ್ತದೆ. ಅದಕ್ಕೆ 350 ಕೆಜಿ ಒಣ ಪದಾರ್ಥ ಬೆರೆಸಿದರೆ ತೇವ ಶೇ 62ಕ್ಕೆ ಬರುತ್ತದೆ. ಮೊದಲ ವಾರದ ಬಿಸಿಗೆ ಉಳಿದದ್ದೂ ಇಳಿಯುತ್ತದೆ. ಒಣ ಪದಾರ್ಥವೆಂದರೆ ದರಗು, ಮರದ ಹೊಟ್ಟು, ಭತ್ತದ ಹುಲ್ಲು. ಅಡಿಕೆ ಸಿಪ್ಪೆ ನಮ್ಮಲ್ಲಿ ಧಾರಾಳ, ಆದರೆ ಅದು ಬೇಗ ಕರಗುವುದಿಲ್ಲ. ಪುಡಿ ಮಾಡಿ, ಒಣ ಪದಾರ್ಥದ ಕಾಲು ಭಾಗಕ್ಕೆ ಮೀರದಂತೆ ಬಳಸಬೇಕು.

ಮಳೆಗಾಲದ ನಾಲ್ಕು ತಿಂಗಳಿಗೆ 42 ಟನ್ ಒಣ ಪದಾರ್ಥ ಬೇಕು. ಅಷ್ಟನ್ನು ಕೂಡಿಡಲು ಜಾಗ ಎಲ್ಲಿದೆ? ಹದಿನೈದು ದಿನಕ್ಕೆ ಸಾಕಾಗುವಷ್ಟು, ಅಂದರೆ ಐದು ಟನ್ನಿಗಿಂತ ಸ್ವಲ್ಪ ಹೆಚ್ಚು, ಚಾವಣಿಯ ಕೆಳಗೆ ಇಟ್ಟುಕೊಳ್ಳೋಣ. ಉಳಿದದ್ದಕ್ಕೆ ಸಾಮಿಲ್‌ಗಳ ಜೊತೆ ಏಪ್ರಿಲ್‌ನಲ್ಲೇ ಮಾತಾಡಿ, ವಾರವಾರ ಹೊಟ್ಟು ಬರುವಂತೆ ಮಾಡಬೇಕು. ಯಂತ್ರ ಯಾವುದು ಅನ್ನುವುದಕ್ಕಿಂತ ಈ ಒಪ್ಪಂದ ಮುಖ್ಯ.

ತೊಟ್ಟಿಗಳು

ಬೆರಕೆಯಾದ ಮೇಲೆ ದಿನಕ್ಕೆ 1,200 ಕೆಜಿ, ಅಂದರೆ 2.4 ಘನ ಮೀಟರ್. ತೊಟ್ಟಿಯ ಅಳತೆ 3 ಮೀ ಉದ್ದ, 2 ಮೀ ಅಗಲ, ತುಂಬುವ ಎತ್ತರ 1.5 ಮೀ. ಒಂದು ತೊಟ್ಟಿ ನಾಲ್ಕು ದಿನಕ್ಕೆ ತುಂಬುತ್ತದೆ. ತುಂಬಿದ ಮೇಲೆ 28 ದಿನ ಬಿಡಬೇಕು. ಈ ಲೆಕ್ಕಕ್ಕೆ ಎಂಟು ತೊಟ್ಟಿ, ಹಬ್ಬಕ್ಕೆ ಎರಡು, ಒಟ್ಟು ಹತ್ತು. ಆ ಎರಡರಲ್ಲಿ ಏಳು ದಿನದ ಹೆಚ್ಚುವರಿ ಕಸ ಹಿಡಿಯುತ್ತದೆ.

ಗೋಡೆಗೆ ಜಾಲಿ ಇಟ್ಟಿಗೆ, ತಳದಲ್ಲಿ ತೂತು ಕೊರೆದ ಪಿವಿಸಿ ಪೈಪು. ವಾರಕ್ಕೊಮ್ಮೆ ಮಗುಚಬೇಕು. ನಡುವಿನ ಬಿಸಿ 55 ಡಿಗ್ರಿ ದಾಟಿ ಕನಿಷ್ಠ ಮೂರು ದಿನ ನಿಂತರೆ ಕಳೆಬೀಜ ಮತ್ತು ರೋಗಾಣು ಬಹುಮಟ್ಟಿಗೆ ಸಾಯುತ್ತವೆ. ಇದನ್ನು ಕೈಯಂದಾಜಿಗೆ ಬಿಡದೆ ಉದ್ದ ಕಡ್ಡಿಯ ಥರ್ಮಾಮೀಟರಿನಲ್ಲಿ ನೋಡಿ ದಿನವೂ ಬರೆದಿಡಬೇಕು.

ಜಾಗ, ಚದರ ಮೀಟರ್‌ನಲ್ಲಿ

ಕಸ ಇಳಿಸುವುದು, ಬೇರ್ಪಡಿಸುವುದು, ಕತ್ತರಿಸುವುದು, ಸೋರಿಸುವುದು: 40
ಒಣ ಪದಾರ್ಥ: 25
ತೊಟ್ಟಿಗಳು, ನಡುವಿನ ಹಾದಿ ಸೇರಿ: 100
ಮಾಗಿಸುವ ರಾಶಿ, 30 ದಿನಕ್ಕೆ: 45
ಜರಡಿ, ಚೀಲದ ಕೋಣೆ: 30
ಸಲಕರಣೆ, ಕೈಕಾಲು ತೊಳೆಯುವ ಜಾಗ: 15
ಗಾಡಿ ತಿರುಗಲು: 85

ಒಟ್ಟು 340. ಸುಮಾರು ಮೂರೂವರೆ ಗುಂಟೆ. ಇದಕ್ಕಿಂತ ಕಡಿಮೆ ಜಾಗ ಕೊಟ್ಟು ಒಂದು ಟನ್ ಮಾಡಿ ಅಂದರೆ ನಾನು ಒಪ್ಪುವುದಿಲ್ಲ. ಜಾಗ ಸಾಲದಾಗ ಎಲ್ಲರೂ ಮೊದಲು ಕತ್ತರಿ ಹಾಕುವುದು ಮಾಗಿಸುವ ಜಾಗಕ್ಕೆ. ಆಗ ಅರೆಬೆಂದ ಗೊಬ್ಬರ ರೈತರ ಕೈ ಸೇರಿ ಗಿಡದ ಬೇರು ಸುಡುತ್ತದೆ. 24 ಗಂಟೆಯಲ್ಲಿ ಗೊಬ್ಬರ ಕೊಡುವ ಯಂತ್ರದ ಮಾತೂ ಬಂದಿದೆ. ಅದು ಕಸವನ್ನು ಕಾಯಿಸಿ ಒಣಗಿಸುತ್ತದೆ, ಕರೆಂಟು ಜಾಸ್ತಿ ತಿನ್ನುತ್ತದೆ. ಹೊರಬಂದದ್ದನ್ನು ಮತ್ತೆ ಮಾಗಿಸಲೇಬೇಕು.

ಹೂವು ಮತ್ತು ಮಳೆ

ಬಾಳೆ ನಾರಿನಲ್ಲಿ ಕಟ್ಟಿದ ಹಾರ ಹಾಗೆಯೇ ಹೋಗಲಿ. ಪ್ಲಾಸ್ಟಿಕ್ ದಾರ, ಜರಿ, ಥರ್ಮಾಕೋಲ್ ಇದ್ದರೆ ಬೇರ್ಪಡಿಸುವ ಮೇಜಿನಲ್ಲೇ ಬಿಡಿಸಬೇಕು. ದಾರ ಕತ್ತರಿಸುವ ಯಂತ್ರದ ಶಾಫ್ಟಿಗೆ ಸುತ್ತಿಕೊಂಡರೆ ಅರ್ಧ ದಿನದ ಕೆಲಸ ನಿಲ್ಲುತ್ತದೆ. ಅಂಗಡಿಯಲ್ಲೇ ಬೇರ್ಪಡಿಸಿ ಕೊಟ್ಟರೆ ಎಲ್ಲರಿಗೂ ಹಗುರ. ಘನತ್ಯಾಜ್ಯ ನಿಯಮಗಳೂ ಕಸ ಹುಟ್ಟುವ ಜಾಗದಲ್ಲೇ ಬೇರ್ಪಡಿಸಿ ಎನ್ನುತ್ತವೆ. ಆಯುಧಪೂಜೆಯ ಬಾಳೆಕಂದನ್ನು ಸೀಳಿ, ಬೇರೆಯಾಗಿ ಬಾಡಿಸಿ, ಆಮೇಲೆ ಹಾಕಬೇಕು.

ಕತ್ತರಿಸುವ ಯಂತ್ರ 5 ಎಚ್‌ಪಿ, ಗಂಟೆಗೆ 400 ಕೆಜಿ. ಮಾಮೂಲಿ ದಿನ ಎರಡೂವರೆ ಗಂಟೆ, ಹಬ್ಬದಲ್ಲಿ ಐದು ಗಂಟೆ ಓಡುತ್ತದೆ. ಮೂವರು ಕೆಲಸಗಾರರು ಬೇಕು. ಕೈಗವಸು, ಗಂಬೂಟು, ಮಾಸ್ಕು ಕೊಡಲೇಬೇಕು.

ನೆಲ ರಸ್ತೆಗಿಂತ 45 ಸೆಂ.ಮೀ. ಎತ್ತರ ಇರಲಿ. ಪಡುವಣ ಮತ್ತು ತೆಂಕಣ ಬದಿಗೆ ಚಾವಣಿ ಒಂದೂವರೆ ಮೀಟರ್ ಮುಂದೆ ಚಾಚಿರಲಿ, ಎರಚಲು ಒಳಗೆ ಬರಬಾರದು. ಸೋರಿದ ರಸ ಮಳೆನೀರಿನ ಚರಂಡಿಗೆ ಸೇರಬಾರದು. ಅದು ಕೊನೆಗೆ ತುಂಗೆಗೇ ಹೋಗುತ್ತದೆ. 2,000 ಲೀಟರ್ ಟ್ಯಾಂಕಿನಲ್ಲಿ ಹಿಡಿದು, ಬೇಸಿಗೆಯಲ್ಲಿ ಒಣಗಿದ ರಾಶಿಗೆ ಚಿಮುಕಿಸೋಣ. ಮಳೆಗಾಲದಲ್ಲಿ ಪಾಲಿಕೆಯ ಟ್ಯಾಂಕರು ಶುದ್ಧೀಕರಣ ಘಟಕಕ್ಕೆ ಒಯ್ಯಲಿ.

ಕೈಗೆ ಬರುವುದು

4 ಮಿ.ಮೀ. ಜರಡಿಯಲ್ಲಿ ಸೋಸಿದ ಗೊಬ್ಬರ ದಿನಕ್ಕೆ ಸುಮಾರು 250 ಕೆಜಿ. ಜರಡಿ ಮೇಲೆ ಉಳಿದ ಒರಟು ಭಾಗ ಮತ್ತೆ ಹೊಸ ರಾಶಿಗೆ. ಅಷ್ಟರಮಟ್ಟಿಗೆ ಹೊಟ್ಟಿನ ಖರ್ಚೂ ಇಳಿಯುತ್ತದೆ. ಮೊದಲ ವರ್ಷ ಇದನ್ನು ಮಾರುವ ಲೆಕ್ಕ ಹಾಕುವುದು ಬೇಡ. ಪಾಲಿಕೆಯ ಪಾರ್ಕುಗಳಿಗೆ ಕೊಟ್ಟು, ಪ್ರಯೋಗಾಲಯದ ವರದಿ ಕೈಗೆ ಬಂದ ಮೇಲೆ ಅಡಿಕೆ ತೋಟದವರಿಗೆ ಬೆಲೆ ಹೇಳೋಣ.

ಜಾಗದ ಒಪ್ಪಿಗೆ ಡಿಸೆಂಬರಿನೊಳಗೆ ಸಿಗಬೇಕು. ಚಾವಣಿ ಮತ್ತು ನೆಲದ ಕೆಲಸ ಮೇ ಮುಗಿಯುವುದರೊಳಗೆ ಆಗದಿದ್ದರೆ, ಮಳೆ ಕಳೆದು ಅಕ್ಟೋಬರಿನವರೆಗೆ ಕಾಯಬೇಕಾಗುತ್ತದೆ.